ಸ್ಪ್ರೆಡ್ ಗಳಿಸಿ, ಇನ್ವೆಂಟರಿ ಇಳಿಸಿ: ಮಾರ್ಕೆಟ್ ಮೇಕಿಂಗ್ ಕಲಿಯಲು ಆರು ಸೂತ್ರಗಳು

ಟ್ರೇಡಿಂಗ್ ಡೆಸ್ಕಿನಲ್ಲಿ ಕೆಲಸ ಬೇಕೇ? ಹಾಗಾದರೆ ಒಂದು ಪ್ರಶ್ನೆಗೆ ಈಗಲೇ ತಯಾರಾಗಿ: "ಈ ಷೇರಿಗೆ ಎರಡು ಬೆಲೆ ಹೇಳಿ." ಕೊಳ್ಳಲು ಒಂದು, ಮಾರಲು ಒಂದು. ಬೆಲೆಯನ್ನು ಯಾರು ಬೇಕಾದರೂ ಹೇಳುತ್ತಾರೆ. ಎದುರಿನವರು "ಸರಿ, ತಗೊಳ್ಳಿ" ಎಂದು ಷೇರನ್ನು ನಿಮ್ಮ ಕೈಗೆ ಕೊಟ್ಟ ಮೇಲೆ ಏನು ಮಾಡುತ್ತೀರಿ ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ. ಒಂದೇ ಉದಾಹರಣೆ ಹಿಡಿದು ಕೊನೆವರೆಗೂ ಹೋಗೋಣ. ಲೆಕ್ಕಕ್ಕೆಂದು ಒಂದು ಷೇರು ಊಹಿಸಿಕೊಳ್ಳಿ, ಬೆಲೆ 200 ರೂಪಾಯಿ. ಪೆನ್ನು ಹಿಡಿದೇ ಓದಿ.

1. ಬೆಲೆ ಎತ್ತ ಹೋಗುತ್ತದೆ ಎಂದು ಊಹಿಸಬೇಡಿ. ಎರಡೂ ಕಡೆ ನಿಲ್ಲಿ.

199.90ಕ್ಕೆ 500 ಷೇರು ಕೊಳ್ಳುತ್ತೇನೆ ಎಂದು ಒಂದು ಆರ್ಡರ್ ಹಾಕಿ, ಅದು ಬಿಡ್. 200.10ಕ್ಕೆ 500 ಷೇರು ಮಾರುತ್ತೇನೆ ಎಂದು ಇನ್ನೊಂದು ಹಾಕಿ, ಅದು ಆಸ್ಕ್. ನಡುವಿನ 20 ಪೈಸೆಯೇ ಸ್ಪ್ರೆಡ್. ಅವಸರವಿರುವ ಒಬ್ಬರು ನಿಮಗೆ ಮಾರಿ, ಅವಸರವಿರುವ ಇನ್ನೊಬ್ಬರು ನಿಮ್ಮಿಂದ ಕೊಂಡರೆ ನಿಮಗೆ ಸಿಗುವುದು 500 × 0.20, ಅಂದರೆ 100 ರೂಪಾಯಿ. ಅವರಿಬ್ಬರೂ ಒಂದೇ ಕ್ಷಣಕ್ಕೆ ಮಾರುಕಟ್ಟೆಗೆ ಬರಲಿಲ್ಲ. ನಡುವಿನ ಹೊತ್ತು ನೀವು ಕಾದಿರಿ. ಆ ಕಾಯುವಿಕೆಗೆ ಸಿಗುವ ಕೂಲಿಯೇ ಈ ಹಣ.

ಆದರೆ ಅದನ್ನು ಪೂರ್ತಿ ನಿಮ್ಮದೆಂದು ಎಣಿಸಬೇಡಿ. ಇಂಟ್ರಾಡೇ ವಹಿವಾಟಿನಲ್ಲಿ ಮಾರಾಟದ ಮೇಲೆ 0.025% ಎಸ್‌ಟಿಟಿ ಇದೆ. 200 ರೂಪಾಯಿಯ ಷೇರಿಗೆ ಅದು 5 ಪೈಸೆ. ಸ್ಪ್ರೆಡ್‌ನ ಕಾಲು ಭಾಗ ಅಲ್ಲಿಗೇ ಹೋಯಿತು. ಎಕ್ಸ್‌ಚೇಂಜ್ ಶುಲ್ಕ, ಸ್ಟ್ಯಾಂಪ್ ಡ್ಯೂಟಿ, ಜಿಎಸ್‌ಟಿ ಇನ್ನೂ ಬಾಕಿ. ಖರ್ಚು ಕಳೆದು ಉಳಿಯುವ ಸ್ಪ್ರೆಡ್ ಎಷ್ಟು ಎಂದು ಬರೆದಿಟ್ಟುಕೊಂಡ ನಂತರವೇ ಮೊದಲ ಕೋಟ್ ಹಾಕಿ.

2. ಇನ್ವೆಂಟರಿಯನ್ನು ರೂಪಾಯಿಯಲ್ಲಷ್ಟೇ ಅಲ್ಲ, ನಿಮಿಷದಲ್ಲೂ ಅಳೆಯಿರಿ.

ಈ ಲೆಕ್ಕ ಬಾಯಿಪಾಠವಾಗಲಿ. ನಮ್ಮ ಷೇರು ದಿನಕ್ಕೆ ಸಾಮಾನ್ಯವಾಗಿ 2% ಏರಿಳಿಯುತ್ತದೆ ಎನ್ನಿ, ಅಂದರೆ 4 ರೂಪಾಯಿ. ಎನ್‌ಎಸ್‌ಇಯಲ್ಲಿ ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ 375 ನಿಮಿಷ ವಹಿವಾಟು ನಡೆಯುತ್ತದೆ. ಏರಿಳಿತ ಸಮಯದ ವರ್ಗಮೂಲಕ್ಕೆ ತಕ್ಕಂತೆ ಬೆಳೆಯುತ್ತದೆ. 4 ರೂಪಾಯಿಯನ್ನು 375ರ ವರ್ಗಮೂಲದಿಂದ ಭಾಗಿಸಿ. ಒಂದು ನಿಮಿಷದ ಸಾಮಾನ್ಯ ಚಲನೆ ಸುಮಾರು 20 ಪೈಸೆ ಬರುತ್ತದೆ. ನಿಮ್ಮ ಇಡೀ ಸ್ಪ್ರೆಡ್‌ನಷ್ಟೇ! ಹದಿನೈದು ನಿಮಿಷ ಹಿಡಿದುಕೊಂಡರೆ ಅದೇ ಚಲನೆ ಸುಮಾರು 80 ಪೈಸೆ.

ಅಂದರೆ ಕೊಂಡ ಷೇರು ಕೈಯಲ್ಲಿ ಹೆಚ್ಚು ಹೊತ್ತು ಕುಳಿತಷ್ಟೂ ನೀವು ಸ್ಪ್ರೆಡ್ ಗಳಿಸುವವರಲ್ಲ, ಷೇರಿನ ಮೇಲೆ ಬಾಜಿ ಕಟ್ಟಿದವರಾಗುತ್ತೀರಿ. ಬೇಗ ಕೊಟ್ಟು ಕೈತೊಳೆಯಿರಿ. ಸಾವಿರಾರು ಸಣ್ಣ ವಹಿವಾಟುಗಳಲ್ಲಿ ಏರಿಳಿತ ಒಂದನ್ನೊಂದು ಹೊಡೆದುಹಾಕುತ್ತದೆ, ಸ್ಪ್ರೆಡ್ ಮಾತ್ರ ಕೂಡುತ್ತಾ ಹೋಗುತ್ತದೆ. ಅಮೆರಿಕದ ವರ್ಚು ಫೈನಾನ್ಶಿಯಲ್ 2014ರಲ್ಲಿ ತನ್ನ ಐಪಿಒ ದಾಖಲೆಯಲ್ಲಿ 1,238 ವಹಿವಾಟು ದಿನಗಳಲ್ಲಿ ನಷ್ಟವಾದದ್ದು ಒಂದೇ ದಿನ ಎಂದು ತಿಳಿಸಿತ್ತು. ಭವಿಷ್ಯ ನುಡಿದು ಅಂಥ ದಾಖಲೆ ಬರುವುದಿಲ್ಲ. ಚಿಕ್ಕ ಲಾಭವನ್ನು ಲೆಕ್ಕವಿಲ್ಲದಷ್ಟು ಸಲ ಗಳಿಸಿದರೆ ಬರುತ್ತದೆ.

3. ಇನ್ವೆಂಟರಿ ಬೆಳೆದಂತೆ ಎರಡೂ ಬೆಲೆ ಸರಿಸಿ.

ಇಡೀ ವೃತ್ತಿಯಲ್ಲಿ ಮೊದಲು ಕಲಿಯಬೇಕಾದ ಕೈಚಳಕ ಇದೇ. ಡೆಸ್ಕಿನಲ್ಲಿ ಇದನ್ನು ಸ್ಕ್ಯೂ ಎನ್ನುತ್ತಾರೆ. ಹೂವಿನ ವ್ಯಾಪಾರಿ ಬುಟ್ಟಿ ತುಂಬಿರುವಾಗ ಹೊಸ ಮಾಲಿಗೆ ಕಡಿಮೆ ದರ ಕೇಳುತ್ತಾನೆ, ಇರುವ ಮಾಲನ್ನೂ ದರ ಇಳಿಸಿ ಬಿಡುತ್ತಾನೆ. ನೀವೂ ಹಾಗೇ ಮಾಡಿ.

ನಿಯಮ ಹೀಗಿಡಿ: ಪ್ರತಿ 500 ಷೇರು ಸೇರಿದಾಗ ಬಿಡ್ ಮತ್ತು ಆಸ್ಕ್ ಎರಡನ್ನೂ 5 ಪೈಸೆ ಕೆಳಗಿಳಿಸಿ. ಈಗ ನಡೆಸಿ ನೋಡಿ. ಮೊದಲ ಮಾರಾಟಗಾರ 199.90ಕ್ಕೆ 500 ಷೇರು ಕೊಟ್ಟ. ನಿಮ್ಮ ಕೋಟ್ 199.85 ಮತ್ತು 200.05 ಆಯಿತು. ಇನ್ನೊಬ್ಬ 199.85ಕ್ಕೆ 500 ಕೊಟ್ಟ. ಕೋಟ್ 199.80 ಮತ್ತು 200.00ಕ್ಕೆ ಇಳಿಯಿತು. ಈಗ ನಿಮ್ಮ ಆಸ್ಕ್ ಉಳಿದವರಿಗಿಂತ ಅಗ್ಗ, ಆದ್ದರಿಂದ ಕೊಳ್ಳಲು ಬಂದವರು ಮೊದಲು ನಿಮ್ಮ ಹತ್ತಿರವೇ ಬರುತ್ತಾರೆ. ಒಬ್ಬರು 200.00ಕ್ಕೆ 500 ಕೊಂಡರು. ಕೋಟ್ ಒಂದು ಹೆಜ್ಜೆ ಮೇಲೇರಿತು, ಇನ್ನೊಬ್ಬರು 200.05ಕ್ಕೆ 500 ಕೊಂಡರು. ಕೈ ಖಾಲಿ.

ಸರಾಸರಿ ಕೊಂಡದ್ದು 199.875ಕ್ಕೆ, ಮಾರಿದ್ದು 200.025ಕ್ಕೆ. ಷೇರಿಗೆ 15 ಪೈಸೆಯಂತೆ 1,000 ಷೇರಿಗೆ 150 ರೂಪಾಯಿ. ಬೆಲೆ ಸರಿಸದೇ ಇದ್ದಿದ್ದರೆ ಕಾಗದದ ಮೇಲೆ 200 ರೂಪಾಯಿ ಆಗುತ್ತಿತ್ತು. ಆ 50 ರೂಪಾಯಿಗಾಗಿ ಕೊರಗಬೇಡಿ. ಕೈಯಲ್ಲಿದ್ದ 1,000 ಷೇರನ್ನು ಬೇಗ ಇಳಿಸಲು ಕೊಟ್ಟ ಬೆಲೆ ಅದು. ಷೇರು ಇನ್ನೊಂದೇ ನಿಮಿಷ ಉಳಿದಿದ್ದರೂ ಸಾಮಾನ್ಯ ಚಲನೆಗೆ ಎದುರಾಗುತ್ತಿದ್ದ ಅಪಾಯ 200 ರೂಪಾಯಿ.

ಎಷ್ಟು ಸರಿಸಬೇಕು? ಮಾರ್ಕೊ ಅವೆಲ್ಲಾನೆಡ ಮತ್ತು ಸಾಶಾ ಸ್ಟೊಯ್ಕೊವ್ 2008ರಲ್ಲಿ ಪ್ರಕಟಿಸಿದ ಸೂತ್ರದಿಂದ ಶುರು ಮಾಡಿ:

```
r = s − q·γ·σ²·(T − t)
```

ಇಲ್ಲಿ s ಮಾರುಕಟ್ಟೆಯ ಮಧ್ಯದ ಬೆಲೆ, q ನಿಮ್ಮ ಇನ್ವೆಂಟರಿ, γ ನಿಮಗೆ ರಿಸ್ಕ್ ಎಷ್ಟು ಭಾರ ಎಂಬುದರ ಅಳತೆ, σ ಏರಿಳಿತ, T − t ಉಳಿದಿರುವ ಸಮಯ. ಬರುವ r ನಿಮ್ಮ ಪಾಲಿನ ಮಧ್ಯದ ಬೆಲೆ. ನಿಮ್ಮ ಕೋಟ್‌ಗಳು ಅದರ ಸುತ್ತ ಇರಲಿ. ಏರಿಳಿತ ದುಪ್ಪಟ್ಟಾದರೆ ಸರಿಸಬೇಕಾದದ್ದು ನಾಲ್ಕು ಪಟ್ಟು ಎಂಬುದನ್ನು ಗಮನಿಸಿ, ಅಲ್ಲಿರುವುದು ವರ್ಗ. ಇಂಟರ್‌ವ್ಯೂನಲ್ಲಿ ಎದ್ದು ಕಾಣಬೇಕಾದರೆ ಸೂತ್ರದ ಮಿತಿಯನ್ನೂ ಹೇಳಿ. ದಿನದ ಕೊನೆಗೆ ಉಳಿದ ಷೇರೆಲ್ಲ ಮಧ್ಯದ ಬೆಲೆಗೇ ಮಾರಾಟವಾಗುತ್ತದೆ ಎಂದು ಇದು ನಂಬುತ್ತದೆ, ಹಾಗಾಗಿ ಕೊನೆ ಹತ್ತಿರವಾದಂತೆ ಸ್ಕ್ಯೂ ಕರಗುತ್ತದೆ. ನಿಜವಾದ ಮಾರುಕಟ್ಟೆಯಲ್ಲಿ 3.25ಕ್ಕೆ ಅಷ್ಟು ಷೇರನ್ನು ಆ ಬೆಲೆಗೆ ಯಾರೂ ಕೊಳ್ಳುವುದಿಲ್ಲ. ಅಲ್ಲಿ ನೀವು ಇನ್ನೂ ಜೋರಾಗಿ ಸರಿಸಬೇಕು.

4. ನಿಮಗೆ ಮಾರುತ್ತಿರುವವರು ಯಾರು ಎಂದು ಅಳೆಯಿರಿ. ಲಿಮಿಟ್ ಮುಟ್ಟಿದರೆ ನಿಲ್ಲಿಸಿ.

ಹಣದ ಅಗತ್ಯಕ್ಕೆ ಮಾರುವವರು ಬೇರೆ, ಕೆಟ್ಟ ಸುದ್ದಿ ಮೊದಲೇ ತಿಳಿದು ಮಾರುವವರು ಬೇರೆ. ಸ್ಕ್ರೀನಿನಲ್ಲಿ ಇಬ್ಬರೂ ಒಂದೇ ಥರ ಕಾಣುತ್ತಾರೆ. ತಿಳಿದವರ ಮುಂದೆ ಡೀಲರ್ ಸೋಲುತ್ತಾನೆ, ಆ ನಷ್ಟವನ್ನು ಉಳಿದವರು ಕೊಡುವ ಸ್ಪ್ರೆಡ್‌ನಿಂದ ತುಂಬಿಕೊಳ್ಳುತ್ತಾನೆ ಎಂದು ಜ್ಯಾಕ್ ಟ್ರೇನರ್ 1971ರಲ್ಲೇ ಬರೆದರು. ಈ ಮಾತನ್ನು ನಿಮ್ಮ ದಿನದ ಲೆಕ್ಕಕ್ಕೆ ತನ್ನಿ.

ಅದಕ್ಕೆ ಇರುವ ಸಾಧನ ಮಾರ್ಕ್‌ಔಟ್. ಪ್ರತಿ ವಹಿವಾಟಿನ ಒಂದು ನಿಮಿಷದ ನಂತರ ಮಧ್ಯದ ಬೆಲೆ ಎಲ್ಲಿದೆ ಎಂದು ದಾಖಲಿಸಿ. ಕೊಂಡಾಗ ನೀವು ಮಧ್ಯದ ಬೆಲೆಗಿಂತ 10 ಪೈಸೆ ಕಡಿಮೆಗೆ ಕೊಂಡಿರಿ. ನಿಮಿಷದ ನಂತರ ಮಧ್ಯದ ಬೆಲೆ ಸರಾಸರಿ 7 ಪೈಸೆ ಇಳಿದಿದ್ದರೆ ನಿಮ್ಮ ನಿಜವಾದ ಗಳಿಕೆ 3 ಪೈಸೆ. 12 ಪೈಸೆ ಇಳಿಯುತ್ತಿದ್ದರೆ? ನೀವು ಶ್ರಮಪಟ್ಟು ನಷ್ಟ ಮಾಡುತ್ತಿದ್ದೀರಿ. ಈ ಪಟ್ಟಿಯನ್ನು ಹೊತ್ತಿನ ಪ್ರಕಾರ, ಆರ್ಡರ್ ಗಾತ್ರದ ಪ್ರಕಾರ ಬೇರ್ಪಡಿಸಿ. ಕಂಪನಿಯ ಫಲಿತಾಂಶ ಬರುವ ಹೊತ್ತಿನಲ್ಲಿ ಅಂಕಿ ಕೆಟ್ಟದಾಗಿದ್ದರೆ ಆಗ ಸ್ಪ್ರೆಡ್ ಅಗಲಿಸಿ, ಗಾತ್ರ ತಗ್ಗಿಸಿ.

ಸ್ಕ್ಯೂ ಒಂದೇ ಇಲ್ಲಿ ಕಾಪಾಡುವುದಿಲ್ಲ. ಕೆಟ್ಟ ಸುದ್ದಿಯ ದಿನ ನಾಲ್ವರು ಸಾಲಾಗಿ 500ರಂತೆ ಮಾರಿದರು, ಬೆಲೆ 199.40ಕ್ಕೆ ಬಿತ್ತು ಎನ್ನಿ. ಬೆಲೆ ಸರಿಸದವರ ಕೈಯಲ್ಲಿ 199.90ರ 2,000 ಷೇರು, ನಷ್ಟ 1,000 ರೂಪಾಯಿ. ಸರಿಸಿದವರ ಸರಾಸರಿ 199.825, ನಷ್ಟ 850. ದೊಡ್ಡ ವ್ಯತ್ಯಾಸವೇನಲ್ಲ. 1,000 ಷೇರಿಗೆ ಲಿಮಿಟ್ ಇಟ್ಟು ಬಿಡ್ ಹಿಂತೆಗೆದವರ ನಷ್ಟ 475. ಲಿಮಿಟ್ ಮುಟ್ಟಿದಾಗ "ಇನ್ನೇನು ಬೆಲೆ ವಾಪಸ್ ಬರುತ್ತದೆ" ಎಂದು ಹಿಂಜರಿಯುವುದು ಬರೀ ಅಭ್ಯಾಸ. ಲಿಮಿಟ್ ಅನ್ನು ಸಿಸ್ಟಮ್‌ನಲ್ಲೇ ಬರೆದಿಟ್ಟು ಆ ಅಭ್ಯಾಸ ಬಿಡಿಸಿ.

5. ಉಳಿದದ್ದನ್ನು ಒಟ್ಟಾಗಿ ಹೆಡ್ಜ್ ಮಾಡಿ, ರಾತ್ರಿಗೆ ಒಯ್ಯಬೇಡಿ.

1,000 ಷೇರು ಅಂದರೆ 2 ಲಕ್ಷ ರೂಪಾಯಿ. 2024ರ ನವೆಂಬರ್‌ನಿಂದ ಹೊಸ ಇಂಡೆಕ್ಸ್ ಫ್ಯೂಚರ್ಸ್ ಕಾಂಟ್ರಾಕ್ಟಿನ ಕನಿಷ್ಠ ಮೌಲ್ಯವನ್ನು ಸೆಬಿ 15 ಲಕ್ಷಕ್ಕೆ ಏರಿಸಿದೆ. ಒಂದು ಷೇರಿಗೆ ಒಂದು ಹೆಡ್ಜ್ ಹೊಂದುವುದಿಲ್ಲ. ನಿಮ್ಮ ಎಲ್ಲ ಷೇರುಗಳ ಬೀಟಾ ಸೇರಿಸಿ ನಿವ್ವಳ ಎಷ್ಟಿದೆ ನೋಡಿ, ಅಷ್ಟಕ್ಕೆ ಮಾತ್ರ ಫ್ಯೂಚರ್ಸ್ ಮಾರಿ. ಮಾರುಕಟ್ಟೆ ಪೂರ್ತಿ ಬಿದ್ದರೆ ಅದು ಕಾಯುತ್ತದೆ, ಒಂದೇ ಕಂಪನಿಯ ಕೆಟ್ಟ ಸುದ್ದಿಯಿಂದ ಕಾಯುವುದಿಲ್ಲ.

ರಾತ್ರಿಗೆ ಉಳಿಸಿದರೆ ವಹಿವಾಟು ಡೆಲಿವರಿಯಾಗುತ್ತದೆ. ಆಗ ಎಸ್‌ಟಿಟಿ ಕೊಳ್ಳುವಾಗಲೂ ಮಾರುವಾಗಲೂ 0.1%. ಕೊಂಡ ಕಡೆಯೊಂದರಲ್ಲೇ ಷೇರಿಗೆ 20 ಪೈಸೆ, ಇಡೀ ಸ್ಪ್ರೆಡ್ ಅಷ್ಟಕ್ಕೇ ಮುಗಿಯಿತು.

ಎಸ್‌ಎಂಇ ಷೇರುಗಳಲ್ಲಿ ಕೆಲಸ ಮಾಡಲು ಹೊರಟವರು ಇದನ್ನು ಎರಡು ಸಲ ಓದಿ. ಅಲ್ಲಿ ಲಿಸ್ಟಿಂಗ್ ಆದ ಮೇಲೆ ಮೂರು ವರ್ಷ ಮಾರ್ಕೆಟ್ ಮೇಕಿಂಗ್ ಕಡ್ಡಾಯ, ದಿನದ 75% ಹೊತ್ತು ಎರಡೂ ಕಡೆ ಕೋಟ್ ಇರಬೇಕು. ಶುರುವಿಗೇ ಇಶ್ಯೂನ ಕನಿಷ್ಠ 5% ಷೇರು ಮಾರ್ಕೆಟ್ ಮೇಕರ್ ಹೆಗಲಿಗೆ ಬರುತ್ತದೆ. ಆ ಷೇರುಗಳಿಗೆ ಫ್ಯೂಚರ್ಸ್ ಇಲ್ಲ. ಬೇಗ ಇಳಿಸುವ ದಾರಿಯಿಲ್ಲದ ಕಡೆ ಸ್ಪ್ರೆಡ್ ಅಗಲವಾಗಿಯೇ ಇರಬೇಕು, ಕೋಟ್ ಹಾಕುವಾಗ ಅಂಜಬೇಡಿ.

6. ಕಿಲ್ ಸ್ವಿಚ್ ಮೊದಲು ಬರೆಯಿರಿ, ಸ್ಟ್ರಾಟಜಿ ಆಮೇಲೆ.

2012ರ ಆಗಸ್ಟ್ 1ರಂದು ಅಮೆರಿಕದ ದೊಡ್ಡ ಮಾರ್ಕೆಟ್ ಮೇಕರ್ ನೈಟ್ ಕ್ಯಾಪಿಟಲ್ ಹೊಸ ಸಾಫ್ಟ್‌ವೇರ್ ಚಾಲೂ ಮಾಡಿತು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸ ಕೋಡ್ ಹಾಕಿರಲಿಲ್ಲ. ಅಲ್ಲಿ ಬಳಕೆ ಬಿಟ್ಟ ಹಳೆಯ ಕೋಡ್ ಎಚ್ಚರಗೊಂಡು ನಿಲ್ಲದೆ ಆರ್ಡರ್ ಕಳಿಸಿತು. 45 ನಿಮಿಷಗಳಲ್ಲಿ 154 ಷೇರುಗಳಲ್ಲಿ ಯಾರೂ ಬಯಸದ ಇನ್ವೆಂಟರಿ ರಾಶಿಬಿದ್ದು, ಅದನ್ನು ಇಳಿಸುವಷ್ಟರಲ್ಲಿ ನಷ್ಟ 44 ಕೋಟಿ ಡಾಲರ್ ದಾಟಿತು. ಅಂದು ಮಾರುಕಟ್ಟೆ ತೆರೆಯುವ ಮುಂಚೆಯೇ ಸಿಸ್ಟಮ್ 97 ಇಮೇಲ್ ಕಳಿಸಿ ದೋಷ ಸೂಚಿಸಿತ್ತು. ಯಾರೂ ಅವುಗಳ ಮೇಲೆ ಕ್ರಮ ಕೈಗೊಳ್ಳಲಿಲ್ಲ.

ಆದ್ದರಿಂದ ಮೂರು ಅಂಕಿಗಳನ್ನು ಕೋಡ್‌ನ ಮೊದಲ ಸಾಲುಗಳಲ್ಲೇ ಇಡಿ: ಒಂದು ಷೇರಿನ ಗರಿಷ್ಠ ಇನ್ವೆಂಟರಿ, ಇಡೀ ಪುಸ್ತಕದ ಗರಿಷ್ಠ ಇನ್ವೆಂಟರಿ, ದಿನದ ಗರಿಷ್ಠ ನಷ್ಟ. ಇವುಗಳಲ್ಲಿ ಯಾವುದು ಮುಟ್ಟಿದರೂ ಎಲ್ಲ ಕೋಟ್‌ಗಳೂ ತಾವಾಗಿಯೇ ರದ್ದಾಗಬೇಕು. ಮತ್ತೆ ಚಾಲೂ ಮಾಡುವ ಅಧಿಕಾರ ಟ್ರೇಡರ್ ಕೈಯಲ್ಲಿ ಬೇಡ, ರಿಸ್ಕ್ ವಿಭಾಗದ ಕೈಯಲ್ಲಿರಲಿ.