ಒಂದು ಲಕ್ಷ ಎಷ್ಟು ದಿನ ಬಾಳೀತು?

ಹುಬ್ಬಳ್ಳಿಯಿಂದ ಬೆಂಗಳೂರಿಗೆ ವರ್ಗವಾಗಲಿರುವ ನಿಮಗೆ ಕಂಪನಿ ಒಮ್ಮೆಗೇ ಕೊಡುವ 1,00,000 ರೂಪಾಯಿ ದೊಡ್ಡದಾಗಿಯೇ ಕಾಣುತ್ತದೆ. ಆದರೆ ಬಾಡಿಗೆ 12,000ದಿಂದ 26,000ಕ್ಕೆ ಏರುತ್ತದೆಯಲ್ಲ, ಆ 14,000 ಪ್ರತಿ ತಿಂಗಳೂ ಬರುವ ಖರ್ಚು.

ಆ ಒಂದು ಲಕ್ಷದಲ್ಲಿ ತೆರಿಗೆ ವಿನಾಯಿತಿ ಸಿಗುವುದು ವರ್ಗಾವಣೆಯ ಪ್ರಯಾಣ, ಸಾಮಾನು ಕಟ್ಟುವುದು, ಸಾಗಿಸುವುದು ಇವುಗಳಿಗೆ ನಿಜವಾಗಿ ಖರ್ಚಾದಷ್ಟಕ್ಕೆ ಮಾತ್ರ; ಹೊಸ ತೆರಿಗೆ ಪದ್ಧತಿಯಲ್ಲೂ ಇದು ಉಂಟು. ಬಿಲ್ಲುಗಳನ್ನು ಜೋಪಾನವಾಗಿಟ್ಟು ಕಚೇರಿಗೆ ಕೊಡಿ. ಬ್ರೋಕರ್ ಕಮಿಷನ್, ಮಕ್ಕಳ ಶಾಲಾ ಶುಲ್ಕ ಇದರಲ್ಲಿ ಸೇರುವುದಿಲ್ಲ.

ಲಾರಿ, ಪ್ಯಾಕಿಂಗ್, ಟಿಕೆಟ್ಟಿಗೆ 38,000 ಹೋಯಿತೆನ್ನಿ. ಉಳಿದ 62,000 ಸಂಬಳಕ್ಕೆ ಸೇರುತ್ತದೆ. ನೀವು ಶೇ 20ರ ಹಂತದಲ್ಲಿದ್ದರೆ ಸೆಸ್ ಸೇರಿ 12,896 ತೆರಿಗೆ. ಕೈಯಲ್ಲುಳಿಯುವ 49,104 ಹೆಚ್ಚುವರಿ ಬಾಡಿಗೆಗೆ ಮೂರೂವರೆ ತಿಂಗಳು ಸಾಕು, ಅಷ್ಟೇ. ಮನೆಯ ಅಡ್ವಾನ್ಸ್ ಲೆಕ್ಕ ಬೇರೆ! ಒಪ್ಪಿಗೆ ಕೊಡುವ ಮೊದಲೇ ತಿಂಗಳ ಸಂಬಳ ಹೆಚ್ಚಿಸಲು ಕೇಳಿ.