ಗಡುವು ಯಾರಿಗೆ?

ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರದಲ್ಲಿ 30×40 ಅಡಿಯ ನಿವೇಶನ ನೋಡಲು ಹೋದಾಗ ನನ್ನ ಚೀಲದಲ್ಲಿ ಹಳೆಯ ಅಗ್ರಿಮೆಂಟೊಂದರ ಜೆರಾಕ್ಸ್ ಇತ್ತು. ಕೆಲವು ವರ್ಷಗಳ ಹಿಂದೆ ಬೇರೆ ಊರಿನಲ್ಲಿ ಆ ಕಾಗದದಿಂದ ನಾನು 50,000 ರೂಪಾಯಿ ಕಳೆದುಕೊಂಡಿದ್ದೆ. ಮೂರು ತಿಂಗಳೊಳಗೆ ಬಾಕಿ ಕೊಟ್ಟು ಕ್ರಯಪತ್ರ ಮಾಡಿಸಿಕೊಳ್ಳಬೇಕು, ತಪ್ಪಿದರೆ ಮುಂಗಡ ಮುಟ್ಟುಗೋಲು ಎಂದು ಅದರಲ್ಲಿತ್ತು. ಮೂರು ತಿಂಗಳು ಕಳೆದರೂ ಖಾತೆ ಮಾರುವವರ ಹೆಸರಿಗೇ ಬಂದಿರಲಿಲ್ಲ. ನಾನು ಹಣ ಹಿಡಿದು ಕಾದಿದ್ದೆ. ಆದರೆ ಗಡುವು ಬರೆದಿದ್ದು ನನ್ನ ಹಣಕ್ಕೆ, ಅವರ ಕಾಗದಕ್ಕಲ್ಲ.

ವಿರೂಪಾಕ್ಷಿಪುರದ ನಿವೇಶನವೂ ಅಂಥದ್ದೇ. ಪಂಚಾಯಿತಿ ಖಾತೆ ತೀರಿಹೋದ ತಂದೆಯ ಹೆಸರಿನಲ್ಲಿತ್ತು. ಮಾರಲು ಬಂದವರು ಮಗ. ಬೆಲೆ 9,60,000 ರೂಪಾಯಿಗೆ ಕುದುರಿತು. ಅರ್ಧ ಬಿಳಿ, ಅರ್ಧ ನಗದು ಎಂಬ ಮಾತು ಬಂದಾಗ ನಾನು ಒಪ್ಪಲಿಲ್ಲ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದು ಪಡೆದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಕೊಳ್ಳುವವನಿಗೆ ಅದಕ್ಕಿಂತ ದೊಡ್ಡ ಅಪಾಯವಿದೆ: ವ್ಯವಹಾರ ಮುರಿದರೆ ಕಾಗದದಲ್ಲಿಲ್ಲದ ಹಣವನ್ನು ಕೊಟ್ಟೆನೆಂದು ಸಾಬೀತು ಮಾಡುವುದು ಬಹಳ ಕಷ್ಟ. ಪೂರ್ತಿ ಮೊತ್ತವನ್ನೇ ಬರೆಸಿದೆವು, ಪ್ರತಿ ಚೆಕ್ಕಿನ ಸಂಖ್ಯೆಯೊಡನೆ.

ಕಂತುಗಳನ್ನು ತಿಂಗಳಿಗೆ ಕಟ್ಟದೆ ಕಾಗದಕ್ಕೆ ಕಟ್ಟಿದೆ. ಸಹಿ ದಿನ 1,00,000. ಇ-ಸ್ವತ್ತಿನ ನಮೂನೆ 9 ಮತ್ತು 11ಎ ವಾರಸುದಾರರ ಹೆಸರಿಗೆ ಬಂದು, ಹೊಸದಾಗಿ ತೆಗೆಸಿದ ಋಣಭಾರ ಪತ್ರ ನನ್ನ ಕೈಸೇರಿದ ಮೇಲೆ 2,00,000. ಉಳಿದ 6,60,000 ಕ್ರಯಪತ್ರ ನೋಂದಣಿಯಾಗುವ ದಿನ ಡಿ.ಡಿ. ಮೂಲಕ. ಕಾಗದ ಒದಗಿಸಲು ಅವರಿಗೆ 90 ದಿನ; ಅವರು ಒದಗಿಸಿದ ದಿನದಿಂದ ಬಾಕಿ ಕೊಡಲು ನನಗೆ 30 ದಿನ.

ಇಷ್ಟಕ್ಕೇ ಬಿಟ್ಟರೆ ಇನ್ನೊಂದು ತೊಡಕು. ಕಾಗದ ಬಂದಾಗ ಎಂದಷ್ಟೇ ಬರೆದರೆ ಒಪ್ಪಂದಕ್ಕೆ ಕೊನೆಯೇ ಇರುವುದಿಲ್ಲ. ಕ್ರಯಪತ್ರ ಮಾಡಿಕೊಡಿಸಿ ಎಂದು ದಾವೆ ಹೂಡಲು ಕಾನೂನು ಕೊಡುವ ಅವಧಿ ಮೂರು ವರ್ಷ. ಅದರ ಎಣಿಕೆ ಶುರುವಾಗುವುದು ಒಪ್ಪಂದದಲ್ಲಿ ಗೊತ್ತುಪಡಿಸಿದ ದಿನದಿಂದ. ದಿನ ಗೊತ್ತುಪಡಿಸದಿದ್ದರೆ, ಅವರು ನಿರಾಕರಿಸಿದ್ದು ನಮಗೆ ಯಾವತ್ತು ತಿಳಿಯಿತು ಎಂಬುದೇ ಜಗಳವಾಗುತ್ತದೆ. ಆದ್ದರಿಂದ 180ನೇ ದಿನದ ತಾರೀಖನ್ನೇ ಅಂತಿಮ ದಿನವೆಂದು ಬರೆಸಿದೆ. ಅಷ್ಟರೊಳಗೆ ಕಾಗದ ಬಾರದಿದ್ದರೆ ನನ್ನ ಹಣ ಶೇ 12ರ ಬಡ್ಡಿಯೊಡನೆ ವಾಪಸು, ಇಲ್ಲವೇ ನಾನು ಬಯಸಿದರೆ ಅವಧಿ ವಿಸ್ತರಣೆ.

ಮಾರುವವರಿಗೆ ಮದುವೆಯಾದ ಇಬ್ಬರು ಅಕ್ಕಂದಿರಿದ್ದರು. "ಅವರೇನು ಬೇಡ ಅನ್ನಲ್ಲ ಮೇಷ್ಟ್ರೇ, ಸಾಕ್ಷಿ ಸಹಿ ಹಾಕುಸ್ತೀನಿ" ಎಂದರು. ಸಾಕ್ಷಿಯ ಸಹಿ, ದಸ್ತಾವೇಜಿಗೆ ಸಹಿ ಬಿದ್ದದ್ದನ್ನು ಕಂಡೆ ಎಂಬುದಕ್ಕಷ್ಟೇ. ನನ್ನ ಪಾಲನ್ನೂ ಮಾರಿದೆ ಎಂಬುದಕ್ಕಲ್ಲ. ವಂಶವೃಕ್ಷ ತರಿಸಿ ಮೂವರನ್ನೂ ಮಾರುವವರೆಂದೇ ಬರೆಸಿದೆ. ಹಳೆಯ ಪತ್ರಗಳನ್ನು ಒಂದಕ್ಕೊಂದು ಜೋಡಿಸುವಾಗ ಚನ್ನಪಟ್ಟಣದ ಕಡೆಯವರು ಜಿಲ್ಲೆಯ ಹೆಸರನ್ನೂ ನೋಡಬೇಕು. 1986ಕ್ಕೆ ಮುಂಚಿನ ಪತ್ರದಲ್ಲಿ ಬೆಂಗಳೂರು ಜಿಲ್ಲೆ, ಆಮೇಲೆ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಜಾಗ ಅದೇ ಎಂಬುದನ್ನು ತೋರಿಸುವುದು ಸ್ವತ್ತಿನ ಸಂಖ್ಯೆ, ಅಳತೆ ಮತ್ತು ನಾಲ್ಕೂ ದಿಕ್ಕಿನ ಚೆಕ್ಕುಬಂದಿ.

ಸ್ವಾಧೀನದ ವಿಷಯದಲ್ಲಿ ಅವರು ಉದಾರಿಯೇ. "ನಾಳೆನೇ ಬೇಲಿ ಹಾಕ್ಕಳಿ" ಎಂದರು. ಆಸೆಯಾಯಿತು, ಆದರೂ ಬೇಡವೆಂದೆ. ಸ್ವಾಧೀನ ಕೊಟ್ಟಿದ್ದೇವೆ ಎಂದು ಕರಾರಿನಲ್ಲಿ ಬರೆದರೆ ಕರ್ನಾಟಕದಲ್ಲಿ ಅದಕ್ಕೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ. ಶುಲ್ಕ ತುಂಬದ ಕಾಗದವನ್ನು ನ್ಯಾಯಾಲಯ ಸಾಕ್ಷ್ಯವಾಗಿ ತೆಗೆದುಕೊಳ್ಳುವ ಮುನ್ನ ಬಾಕಿ ಶುಲ್ಕವನ್ನೂ ದಂಡವನ್ನೂ ಕಟ್ಟಿಸಿಕೊಳ್ಳುತ್ತದೆ. 2001ರ ತಿದ್ದುಪಡಿಯ ನಂತರವಂತೂ ನೋಂದಣಿಯಾಗದ ಕರಾರಿನ ಬಲದಿಂದ ಆ ಸ್ವಾಧೀನವನ್ನು ಕಾಪಾಡಿಕೊಳ್ಳಲೂ ಆಗದು. ಸ್ವಾಧೀನ ಕ್ರಯಪತ್ರದ ದಿನವೇ, ಖಾಲಿ ನಿವೇಶನವಾಗಿ, ಅಳತೆ ಹಿಡಿದು ಎಂದು ಬರೆಸಿದೆವು.

ಸ್ವಾಧೀನ ಇಲ್ಲದಿದ್ದರೂ ಕರಾರನ್ನು ಚನ್ನಪಟ್ಟಣದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದೆ. ಬರೀ ಕರಾರಿನಿಂದ ಜಾಗದ ಮೇಲೆ ಹಕ್ಕು ಹುಟ್ಟುವುದಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ಹೇಳುವುದು ಅದನ್ನೇ. ಆದರೆ ನೋಂದಾಯಿಸಿದರೆ ಅದು ಋಣಭಾರ ಪತ್ರದಲ್ಲಿ ಕಾಣುತ್ತದೆ. ಹೆಚ್ಚು ಬೆಲೆ ಹಿಡಿದು ಬಂದ ಇನ್ನೊಬ್ಬರು, ಮೊದಲೇ ಕರಾರಾಗಿದ್ದು ಗೊತ್ತಿರಲಿಲ್ಲ ಎಂದು ಜಾರಿಕೊಳ್ಳುವುದು ಕಷ್ಟ.

ಇ-ಸ್ವತ್ತಿನ ನಮೂನೆಗಳು ಕೈಗೆ ಬಂದದ್ದು 112ನೇ ದಿನ. ಹಳೆಯ ಜೆರಾಕ್ಸಿನ ಸಾಲೇ ಇಲ್ಲೂ ಇದ್ದಿದ್ದರೆ ಮೂರು ತಿಂಗಳಿಗೇ ನನ್ನ 1,00,000 ಹೋಗಿರುತ್ತಿತ್ತು. ಆ ವಾರವೇ ಎರಡನೇ ಕಂತು ಕೊಟ್ಟು, ಬಾಕಿ ಹಣ ಸಿದ್ಧವಿದೆಯೆಂದು ಪಾಸ್‌ಬುಕ್ಕಿನ ನಕಲಿನೊಂದಿಗೆ ಮೂವರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳಿಸಿದೆ. ದಾವೆಯವರೆಗೆ ಹೋದರೆ ಕೊಳ್ಳುವವನು ತಾನು ಉದ್ದಕ್ಕೂ ಸಿದ್ಧನಿದ್ದೆ ಎಂದು ತೋರಿಸಲೇಬೇಕು. ನನಗೆ ಹಿಂದಿನ ಸಲ ಇಲ್ಲದಿದ್ದದ್ದು ಆ ಪುರಾವೆಯೇ. 131ನೇ ದಿನ ಇಬ್ಬರು ಅಕ್ಕಂದಿರೂ ಬಂದು ಕ್ರಯಪತ್ರಕ್ಕೆ ಸಹಿ ಹಾಕಿದರು. ಸಂಜೆ ಟೇಪು ಹಿಡಿದು ನಾಲ್ಕೂ ಮೂಲೆಗೆ ಕಲ್ಲು ನೆಟ್ಟೆವು.