ಉದ್ದೇಶ ಪತ್ರ ಬರೆಯುವುದು ಹೇಗೆ: ದೇವದುರ್ಗದ ಒಂದು ಅರ್ಜಿ



ಫಾರ್ಮಸಿ, ದಂತವೈದ್ಯ, ಪಶುವೈದ್ಯ ಕೋರ್ಸುಗಳಿಗೆ ನೆರವು ಕೇಳುವ ಮಕ್ಕಳಿಂದ ನಾವು ಒಂದು ಪುಟದ ಉದ್ದೇಶ ಪತ್ರ ಬರೆಸುತ್ತೇವೆ. ಬಿ.ಡಿ.ಎಸ್. ಸೀಟು ನೀಟ್ ಅಂಕದ ಮೇಲೆ ಸಿಗುತ್ತದೆ, ಅಲ್ಲಿ ಈ ಪತ್ರವನ್ನು ಯಾರೂ ಕೇಳುವುದಿಲ್ಲ. ಹಾಗಿದ್ದ ಮೇಲೆ ಇಲ್ಲೇಕೆ ಎಂದು ಪಾಲಕರು ಕೇಳುತ್ತಾರೆ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಒಟ್ಟು ಐದು ವರ್ಷ ದಾನಿಗಳ ಹಣ ಒಂದು ಮಗುವಿನ ಹಿಂದೆ ಹೋಗುತ್ತದೆ. ಆ ಮಗುವಿಗೆ ತಾನು ಮುಂದೆ ಮಾಡಬೇಕಾದ ಕೆಲಸ ಎಂಥದೆಂದು ಗೊತ್ತಿದೆಯೇ ಎಂಬುದನ್ನು ನಾವು ಈ ಪುಟದಲ್ಲಿ ಹುಡುಕುತ್ತೇವೆ.

ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೆರನಾಗಿರುತ್ತವೆ. ಚಿಕ್ಕಂದಿನ ಕನಸು, ಜೀವಶಾಸ್ತ್ರದಲ್ಲಿ ಆಸಕ್ತಿ, ಬಡವರ ಸೇವೆ. ‘ದಂತ’ ಎಂದಿರುವಲ್ಲಿ ‘ಪಶು’ ಎಂದು ತಿದ್ದಿದರೂ ಅರ್ಥ ಕೆಡುವುದಿಲ್ಲ. ಅದಕ್ಕಾಗಿ ಈ ವರದಿಯಲ್ಲಿ ದೇವದುರ್ಗ ತಾಲ್ಲೂಕಿನ ಒಬ್ಬ ಹುಡುಗಿಯ ಪತ್ರ ಹೇಗೆ ತಯಾರಾಯಿತು ಎಂಬುದನ್ನು ಮನೆಯವರ ಒಪ್ಪಿಗೆಯಿಂದ ಬರೆಯುತ್ತಿದ್ದೇವೆ. ಹೆಸರು, ಊರು ಬಿಟ್ಟಿದ್ದೇವೆ.

ಆಕೆಯ ಮೊದಲ ಪತ್ರವೂ ಮೇಲೆ ಹೇಳಿದಂತೆಯೇ ಇತ್ತು. ಅದನ್ನು ಹಿಂತಿರುಗಿಸಿ, ‘ನಿಮ್ಮ ಊರಿನಲ್ಲಿ ಹಲ್ಲಿನ ಡಾಕ್ಟರಿಗೆ ಏನು ಕೆಲಸ ಇದೆಯಮ್ಮಾ?’ ಎಂದು ಕೇಳಿದೆವು. ತನ್ನ ತಂಗಿಯ ಮುಂದಿನ ಹಲ್ಲುಗಳ ಮೇಲೆ ಕಂದು ಕಲೆ ಇದೆ, ಓಣಿಯ ಎಷ್ಟೋ ಮಕ್ಕಳಿಗೂ ಹಾಗೇ ಇದೆ ಎಂದಳು. ಅದನ್ನೇ ಬರಿ ಎಂದೆವು. ಎರಡನೇ ಪತ್ರದಲ್ಲಿ ಆಕೆ, ನಮ್ಮ ಊರಿನವರು ಹಲ್ಲು ಸರಿಯಾಗಿ ಉಜ್ಜುವುದಿಲ್ಲ, ನಾನು ಡಾಕ್ಟರಾಗಿ ಅವರಿಗೆ ಅರಿವು ಮೂಡಿಸುತ್ತೇನೆ ಎಂದು ಬರೆದು ತಂದಳು.

ಈ ಮಾತು ತಪ್ಪು. ಮಾನ್ವಿ, ದೇವದುರ್ಗ ಕಡೆ ‘ಹಲ್ಲು ಉಜ್ಜಿಲ್ಲವೇನೋ’ ಎಂದು ಶಾಲೆಯಲ್ಲಿ ಬೈಸಿಕೊಂಡ ಮಕ್ಕಳನ್ನು ನಾವು ಬಹಳ ಕಂಡಿದ್ದೇವೆ. ಇಂಥ ಕಲೆಗೆ ಬಹುಪಾಲು ಕಾರಣ ಕುಡಿಯುವ ನೀರಿನ ಫ್ಲೋರೈಡ್. ರಾಯಚೂರು ಜಿಲ್ಲೆಯ ನೆಲದಡಿ ಇರುವುದು ಹೆಚ್ಚಾಗಿ ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು. ಆ ಕಲ್ಲಿನ ಖನಿಜಗಳಿಂದ ಫ್ಲೋರೈಡ್ ನಿಧಾನವಾಗಿ ಬೋರ್‌ವೆಲ್ ನೀರಿಗೆ ಇಳಿಯುತ್ತದೆ. ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆದೀತು ಎಂಬುದು ಭಾರತೀಯ ಮಾನಕ. ಅದಕ್ಕಿಂತ ಹೆಚ್ಚಿನ ನೀರನ್ನು ಮಗು ಕುಡಿಯುತ್ತ ಬೆಳೆದರೆ, ದವಡೆಯೊಳಗೆ ಕಟ್ಟಿಕೊಳ್ಳುತ್ತಿರುವ ಕಾಯಂ ಹಲ್ಲಿನ ಎನಾಮಲ್ ಪೂರ್ತಿ ಗಟ್ಟಿಯಾಗುವುದಿಲ್ಲ. ಹಲ್ಲು ಹುಟ್ಟುವಾಗಲೇ ಸುಣ್ಣ ಬಳಿದಂತೆ ಬಿಳಿ ಮಚ್ಚೆ ಇರುತ್ತದೆ. ಆಮೇಲೆ ಆ ಸಣ್ಣ ರಂಧ್ರಗಳಲ್ಲಿ ಬಣ್ಣ ಹಿಡಿದು ಕಂದಾಗುತ್ತದೆ. ಕಲೆ ಎನಾಮಲಿನ ಒಳಗೇ ಇರುವುದರಿಂದ ಬ್ರಷ್ಷಿಗೂ ಹೋಗುವುದಿಲ್ಲ, ಮಿಸ್ವಾಕಿಗೂ ಹೋಗುವುದಿಲ್ಲ.

ಇದು ಫ್ಲೋರೋಸಿಸ್ಸೇ ಎಂದು ಹೇಗೆ ಗುರುತಿಸುತ್ತಾರೆ ಎಂಬುದನ್ನು ತಿಳಿದು ಬಾ ಎಂದು ಆಕೆಯನ್ನು ಕಳಿಸಿದೆವು. ರಾಯಚೂರು ನಗರದಲ್ಲೇ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ, ಎರಡರಲ್ಲೂ ಹೊರರೋಗಿ ವಿಭಾಗವಿದೆ. ಆಕೆ ತಂಗಿಯನ್ನು ಕರೆದುಕೊಂಡು ಹೋಗಿ ತೋರಿಸಿ, ಅಲ್ಲಿನ ವೈದ್ಯರನ್ನು ಕೇಳಿ ಬರೆದುಕೊಂಡು ಬಂದಳು. ಫ್ಲೋರೈಡ್ ಕಲೆ ಒಂದೇ ಹಲ್ಲಿಗೆ ಬರುವುದಿಲ್ಲ. ಒಂದೇ ಕಾಲಕ್ಕೆ ಕಟ್ಟಿದ ಜೋಡಿ ಹಲ್ಲುಗಳಲ್ಲಿ ಎಡಕ್ಕೂ ಬಲಕ್ಕೂ ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತದೆ. ಹುಳುಕು ಹಾಗಲ್ಲ, ಅದು ಹಲ್ಲಿನ ಸಂದಿಯಲ್ಲೋ ಕುಳಿಯಲ್ಲೋ ಹಿಡಿದು ಅಲ್ಲಿ ಹಲ್ಲನ್ನು ಮೆತ್ತಗೆ ಮಾಡುತ್ತದೆ. ಗುಟ್ಕಾದ ಕಲೆ ಮೇಲ್ಮೈಯದು, ಹಲ್ಲು ಸ್ವಚ್ಛ ಮಾಡಿಸಿದರೆ ಬಹುಮಟ್ಟಿಗೆ ಹೋಗುತ್ತದೆ. ಇನ್ನು ವೈದ್ಯರು ಮೊದಲು ಕೇಳುವ ಪ್ರಶ್ನೆ: ಎಂಟು ವರ್ಷದ ತನಕ ಎಲ್ಲಿ ಬೆಳೆದೆ, ಯಾವ ನೀರು ಕುಡಿದೆ?

ಈ ಪ್ರಶ್ನೆಯಿಂದ ಆಕೆಗೆ ತನ್ನ ಮನೆಯ ಕಥೆಯೇ ಬಿಡಿಸಿತು. ಅಣ್ಣ ರಾಯಚೂರಿನಲ್ಲಿ ನಾನಿಯ ಮನೆಯಲ್ಲಿ ನದಿಯ ನಲ್ಲಿ ನೀರು ಕುಡಿದು ಬೆಳೆದವನು, ಎಂಟು ತುಂಬಿದ ಮೇಲೆ ಊರಿಗೆ ಬಂದ. ಅವನ ಹಲ್ಲು ಸ್ವಚ್ಛ. ತಂಗಿ ಹುಟ್ಟಿನಿಂದ ಊರಲ್ಲೇ ಇದ್ದಾಳೆ. ಮನೆ ಒಂದೇ, ಊಟ ಒಂದೇ, ಅಣ್ಣ ಊರಿಗೆ ಬಂದು ವರ್ಷಗಳಿಂದ ಅದೇ ಬೋರ್ ನೀರು ಕುಡಿದರೂ ಕಲೆ ಬರಲಿಲ್ಲ, ಏಕೆಂದರೆ ಬುದ್ಧಿಹಲ್ಲು ಬಿಟ್ಟು ಉಳಿದ ಹಲ್ಲುಗಳ ಎನಾಮಲ್ ಅಷ್ಟರಲ್ಲಿ ಕಟ್ಟಿ ಮುಗಿದಿತ್ತು. ಆಕೆ ಪಂಚಾಯಿತಿಗೆ ಹೋಗಿ ತಮ್ಮ ಬೋರ್‌ವೆಲ್ ನೀರಿನ ಪರೀಕ್ಷಾ ವರದಿಯನ್ನೂ ನೋಡಿದಳು. ಫ್ಲೋರೈಡ್ 1.5ಕ್ಕಿಂತ ಹೆಚ್ಚಿತ್ತು.

ಈಗ ಉತ್ಸಾಹದಲ್ಲಿ ‘ಫ್ಲೋರೈಡ್ ವಿಷ, ಪೇಸ್ಟೂ ಬಿಡಬೇಕು’ ಎಂದು ಬರೆದಳು. ಇಲ್ಲಿ ನಾವು ತಡೆದೆವು. ಪಠ್ಯಪುಸ್ತಕ ಫ್ಲೋರೈಡ್ ಹಲ್ಲಿಗೆ ಒಳ್ಳೆಯದು ಎನ್ನುತ್ತದೆ, ಅದೂ ನಿಜವೇ. ಹಲ್ಲಿನ ಮೇಲೆ ತಾಗುವ ಫ್ಲೋರೈಡ್ ಹುಳುಕು ತಡೆಯುತ್ತದೆ, ಎನಾಮಲ್ ಕಟ್ಟುವ ವಯಸ್ಸಿನಲ್ಲಿ ಹೊಟ್ಟೆಗೆ ಹೆಚ್ಚಾಗಿ ಹೋಗುವ ಫ್ಲೋರೈಡ್ ಕಲೆ ತರುತ್ತದೆ. ಆದ್ದರಿಂದ ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಆರರ ತನಕ ಬಟಾಣಿಯಷ್ಟು ಪೇಸ್ಟ್ ಸಾಕು, ನುಂಗದಂತೆ ಉಗುಳಿಸಬೇಕು. ಈ ಎರಡೂ ಮಾತನ್ನು ಒಟ್ಟಿಗೆ ಹಿಡಿದು ಬರೆದ ಮಗುವಿಗೆ ಕಸುಬಿನ ಅಂದಾಜು ಸಿಕ್ಕಿದೆ ಎಂದು ನಾವು ತಿಳಿಯುತ್ತೇವೆ.

ಪತ್ರದಲ್ಲಿ ನಮಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ದಂತವೈದ್ಯರ ಕೈಯಲ್ಲಿ ಏನು ಆಗುವುದಿಲ್ಲ ಎಂದು ಆಕೆ ಬರೆದ ಭಾಗ. ಕಲೆ ಹಗುರವಾಗಿದ್ದರೆ ಸುಮ್ಮನೆ ಬಿಡುವುದೇ ಲೇಸು. ಮೇಲ್ಪದರದ ಕಂದಾದರೆ ಆಮ್ಲ ಬೆರೆಸಿದ ನುಣುಪು ಪುಡಿಯಿಂದ ಎನಾಮಲಿನ ತೆಳುವಾದ ಪದರವನ್ನು ತಿಕ್ಕಿ ತೆಗೆಯುತ್ತಾರೆ. ಆಳವಾಗಿದ್ದರೆ ಹಲ್ಲಿನ ಬಣ್ಣದ ಲೇಪ ಕೂರಿಸುತ್ತಾರೆ, ಅದಕ್ಕೆ ಖರ್ಚು ಹೆಚ್ಚು, ವರ್ಷಗಳ ಮೇಲೆ ಮತ್ತೆ ಹಾಕಿಸಬೇಕಾಗುತ್ತದೆ. ಇಷ್ಟೆಲ್ಲ ಮಾಡಿದರೂ ಮನೆಯ ಮುಂದಿನ ಮಗುವಿಗೆ ಅದೇ ಕಲೆ ಬರುತ್ತದೆ, ನೀರು ಬದಲಾಗುವ ತನಕ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಉಳಿದದ್ದರಲ್ಲಿ ಅದು ಹೆಚ್ಚುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುವ ಮನೆಯವರೂ ಆ ನೀರನ್ನು ಕುಡಿಯಲು ಮಾತ್ರ ಇಟ್ಟು, ಅನ್ನ, ಬೇಳೆ, ಚಹಾಕ್ಕೆ ಬೋರ್ ನೀರನ್ನೇ ಹಾಕುತ್ತಾರೆ ಎಂದು ಆಕೆಯೇ ನೋಡಿ ಬರೆದಳು. ಇದು ಯಾವ ಗೈಡಿನಲ್ಲೂ ಇರದ ಸಾಲು.

ಫಾರ್ಮಸಿಗೆ ಅರ್ಜಿ ಹಾಕುವವರು ಔಷಧದ ಅಂಗಡಿಯಲ್ಲಿ ಒಂದು ದಿನ ನಿಂತು, ಚೀಟಿಯಲ್ಲಿ ಐದು ದಿನಕ್ಕೆ ಬರೆದ ಗುಳಿಗೆಯನ್ನು ಎಷ್ಟು ಜನ ಎರಡೇ ದಿನಕ್ಕೆ ಕೊಳ್ಳುತ್ತಾರೆ ಎಂದು ನೋಡಬಹುದು. ಪಶುವೈದ್ಯಕ್ಕೆ ಹೋಗುವವರಿಗೆ ಕುರಿ ಹಟ್ಟಿ ದೂರವಿಲ್ಲ.

ಸಂದರ್ಶನದ ದಿನ ಆಕೆಯನ್ನು ಕೇಳಿದೆವು: ತಂಗಿಯ ಹಲ್ಲಿಗೆ ಈಗ ಏನು ಮಾಡಿಸುತ್ತೀರಿ? ‘ಈಗ ಏನೂ ಇಲ್ಲ ಸರ್. ಇನ್ನೂ ಹಲ್ಲು ಬರುತ್ತಿವೆ, ದೊಡ್ಡವಳಾದ ಮೇಲೆ ನೋಡೋಣ ಅಂದಿದ್ದಾರೆ. ಮನೆಯಲ್ಲಿ ಎರಡು ವರ್ಷದ ತಮ್ಮ ಇದ್ದಾನೆ. ಅಮ್ಮಿಗೆ ಹೇಳಿ ಅಡುಗೆಗೂ ಕ್ಯಾನ್ ನೀರೇ ಹಾಕಿಸುತ್ತಿದ್ದೀನಿ. ದಿನಕ್ಕೆ ಒಂದು ಕ್ಯಾನ್ ಸಾಲುತ್ತಿಲ್ಲ, ಎರಡು ಬೇಕು.’